ಪಾಲಿಸಿಯಲ್ಲಿ ಮುಷ್ಕರದ ಹೆಸರು, ನಷ್ಟ ಅಂಗಡಿಯವನ ತಲೆಗೆ

ನಮ್ಮ ಪೇಟೆಯ ಸಣ್ಣ ವ್ಯಾಪಾರಿಯ ಅಂಗಡಿಗೆ ವಿಮೆ ಇದೆ. ಸಾಲ ಕೊಟ್ಟ ಬ್ಯಾಂಕು ವರ್ಷಕ್ಕೊಮ್ಮೆ ಅವನ ಖಾತೆಯಿಂದಲೇ ಕಂತು ಮುರಿದುಕೊಳ್ಳುತ್ತದೆ. ಪಾಲಿಸಿಯಲ್ಲಿ ‘ಗಲಭೆ, ಮುಷ್ಕರ, ದುರುದ್ದೇಶದ ಹಾನಿ’ ಸೇರಿದೆಯೆಂದು ಏಜೆಂಟರು ಹೇಳಿರುತ್ತಾರೆ. ಹಾಗಾದರೆ ಬಂದ್ ದಿನದ ನಷ್ಟವೂ ಬರುತ್ತದೆಂದು ವ್ಯಾಪಾರಿ ನೆಚ್ಚಿಕೊಂಡಿರುತ್ತಾನೆ. ಈ ನೆಚ್ಚಿಕೆ ಸುಳ್ಳು. ಸುಳ್ಳೆಂಬುದು ಕಂತು ಪಡೆಯುವವರಿಗೆ ಗೊತ್ತು, ಕಟ್ಟುವವನಿಗೆ ಮಾತ್ರ ಗೊತ್ತಿಲ್ಲ.

2015ರ ನವೆಂಬರ್ 10ರಂದು, ಟಿಪ್ಪು ಜಯಂತಿಯ ದಿನ, ಮಡಿಕೇರಿಯಲ್ಲಿ ಕಲ್ಲು ತೂರಾಟ ನಡೆದು ಜೀವ ಹೋದದ್ದನ್ನು ಕೊಡಗು ಮರೆತಿಲ್ಲ. ಅಂಥ ದಿನಗಳಲ್ಲಿ ಪೇಟೆಗೆ ಎರಡು ಬಗೆಯ ನಷ್ಟ. ಒಂದು ಕಲ್ಲು ಬಿದ್ದು ಆಗುವುದು, ಇನ್ನೊಂದು ಬಾಗಿಲು ಹಾಕಿದ್ದರಿಂದ ಆಗುವುದು. ಸಾಮಾನ್ಯ ಅಂಗಡಿ ಪಾಲಿಸಿ ಮೊದಲನೆಯದನ್ನು ಮಾತ್ರ ಒಪ್ಪುತ್ತದೆ. ಹೊರಗಿನಿಂದ ಬಂದ ಬಲಪ್ರಯೋಗದಿಂದ ವಸ್ತು ಕಣ್ಣಿಗೆ ಕಾಣುವಂತೆ ಒಡೆದಿರಬೇಕು, ಇಲ್ಲವೆ ಸುಟ್ಟಿರಬೇಕು. ಮೂರು ದಿನ ಮುಚ್ಚಿದ ಅಂಗಡಿಯಲ್ಲಿ ಕೊಳೆತ ಬಾಳೆಹಣ್ಣಿಗೆ, ಕೆಟ್ಟ ಮೀನಿಗೆ, ಆಗದ ವ್ಯಾಪಾರಕ್ಕೆ ಬಿಡಿಕಾಸೂ ಇಲ್ಲ. ಕೆಲಸ ನಿಂತದ್ದರಿಂದ ಆದ ನಷ್ಟಕ್ಕೆ ತಾವು ಹೊಣೆಯಲ್ಲ ಎನ್ನುತ್ತದೆ ಕಂಪನಿ. ಎಂದ ಮೇಲೆ ಮುಷ್ಕರವನ್ನು ಗಲಭೆಯ ಪಕ್ಕದಲ್ಲಿ ಕೂರಿಸಿ ಕಾರ್ಮಿಕನನ್ನು ಕಿಡಿಗೇಡಿಯ ಸಾಲಿಗೆ ಸೇರಿಸಿದ್ದೇಕೆ ಎಂದು ನಾವು ಕೇಳುತ್ತೇವೆ.

ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬ ದಿನಸಿ ವ್ಯಾಪಾರಿಯ ದಾಸ್ತಾನು 10 ಲಕ್ಷ ರೂಪಾಯಿಯದು. ಬ್ಯಾಂಕು ತನ್ನ ಸಾಲದಷ್ಟೇ, ಅಂದರೆ 6 ಲಕ್ಷಕ್ಕೆ, ಅದೂ ದಾಸ್ತಾನಿಗೆ ಮಾತ್ರ ವಿಮೆ ಮಾಡಿಸಿದೆ. ಗುಂಪು ನುಗ್ಗಿ 60,000 ರೂಪಾಯಿಯ ಸಾಮಾನು ಹಾಳುಮಾಡಿತು, 40,000 ರೂಪಾಯಿಯದನ್ನು ಹೊತ್ತೊಯ್ದಿತು. ಷಟರು, ಗಾಜಿನ ಕಪಾಟು ಸೇರಿ 30,000 ಹೋಯಿತು. ಷಟರು, ಕಪಾಟು ಪಾಲಿಸಿಯ ಪಟ್ಟಿಯಲ್ಲೇ ಇಲ್ಲ, ಆದ್ದರಿಂದ ಅದಕ್ಕೆ ಸೊನ್ನೆ. ಹತ್ತರ ಮಾಲಿಗೆ ಆರರ ವಿಮೆ ಇರುವುದರಿಂದ ಸಾಮಾನಿನ ನಷ್ಟದಲ್ಲಿಯೂ ನೂರಕ್ಕೆ ಅರವತ್ತೇ. ಒಟ್ಟು ಒಂದು ಲಕ್ಷಕ್ಕೆ 60,000. ಅದರಲ್ಲಿಯೂ ಕರಾರಿನ ಕಡಿತ ಬೇರೆ.

ಲೂಟಿಯ ಮಾತು ಇನ್ನೂ ಸೂಕ್ಷ್ಮ. ಹಳೆಯ ಬೆಂಕಿ ವಿಮೆಯ ಕರಾರು ಗಲಭೆಯ ನಡುವಿನ ಕಳ್ಳತನವನ್ನು ಹೊರಗಿಟ್ಟಿತ್ತು. ಆ ಲೆಕ್ಕದಲ್ಲಿ ನಮ್ಮ ವ್ಯಾಪಾರಿಗೆ 36,000 ಮಾತ್ರ. 2021ರ ಏಪ್ರಿಲ್ 1ರಿಂದ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಪಾಲಿಸಿ, 5 ಕೋಟಿಯವರೆಗಿನ ಆಸ್ತಿಗೆ ಇರುವಂಥದು, ಗಲಭೆಯ ಕಾರಣದಿಂದಲೇ ಏಳು ದಿನಗಳೊಳಗೆ ಆದ ಕಳ್ಳತನವನ್ನು ಒಪ್ಪುತ್ತದೆ. ವಿಮೆಯ ಮೊತ್ತ ನೂರಕ್ಕೆ ಹದಿನೈದರವರೆಗೆ ಕಡಿಮೆಯಿದ್ದರೆ ಕಡಿತವನ್ನೂ ಮಾಡುವುದಿಲ್ಲ. ನಿಮ್ಮ ಕೈಲಿರುವುದು ಯಾವ ಪಾಲಿಸಿ ಎಂದು ಇಂದೇ ನೋಡಿಕೊಳ್ಳಿ.

ಹಾನಿ ಆದಾಗ ಕಸ ಗುಡಿಸುವ ಮೊದಲು ಫೋಟೋ ತೆಗೆಸಿ. ಅದೇ ದಿನ ಕಂಪನಿಗೆ ಬರಹದಲ್ಲಿ ತಿಳಿಸಿ. ಪೊಲೀಸ್ ದೂರಿನಲ್ಲಿ ‘ಯಾರೋ ಕಳ್ಳತನ ಮಾಡಿದ್ದಾರೆ’ ಎಂದಷ್ಟೇ ಬರೆಸಿದರೆ ಅದೇ ಕಾಗದ ನಿಮಗೆ ಎದುರು ಸಾಕ್ಷಿಯಾದೀತು. ಗುಂಪು ಬಂದ ಹೊತ್ತು, ಮುರಿದದ್ದು, ಒಯ್ದದ್ದು, ಎಲ್ಲವನ್ನೂ ನಡೆದಂತೆಯೇ ಬರೆಸಿ. ಒಡೆದ ಸಾಮಾನನ್ನು ಸರ್ವೇಯರು ನೋಡುವವರೆಗೆ ಎಸೆಯಬೇಡಿ. ಖರೀದಿ ಬಿಲ್ಲುಗಳನ್ನು ಅಂಗಡಿಯಲ್ಲೇ ಇಟ್ಟರೆ ಬೆಂಕಿಯಲ್ಲಿ ಅವೂ ಹೋಗುತ್ತವೆ. ಒಂದು ಪ್ರತಿ ಮನೆಯಲ್ಲಿರಲಿ. ಕ್ಲೇಮು ತಿರಸ್ಕಾರವಾದರೆ ಪಾಲಿಸಿಯ ಯಾವ ಕರಾರಿನಂತೆ ಎಂದು ಬರಹದಲ್ಲಿ ಕೇಳಿ, ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ತಿಂಗಳಾದರೂ ನ್ಯಾಯ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಬ್ಯಾಂಕುಗಳಿಗೆ ನಮ್ಮ ಬೇಡಿಕೆ ಇಷ್ಟು. ಕಂತು ಮುರಿದ ಮೇಲೆ ಪಾಲಿಸಿಯ ಪ್ರತಿಯನ್ನು ವ್ಯಾಪಾರಿಯ ಕೈಗೆ ಕೊಡಿ, ಅದರ ಕರಾರನ್ನು ಕನ್ನಡದಲ್ಲಿ ತಿಳಿಸಿ, ನಿಮ್ಮ ಸಾಲಕ್ಕಲ್ಲ, ಅವನ ಇಡೀ ದಾಸ್ತಾನಿಗೆ ಮತ್ತು ಪೀಠೋಪಕರಣಕ್ಕೆ ವಿಮೆ ಮಾಡಿಸಿ.

ಬಂದ್ ಕರೆಯುವವರಿಗೂ ಒಂದು ಮಾತು. ಅವರಲ್ಲಿ ನಾವೂ ಇದ್ದೇವೆ. ಬಂದ್ ದಿನದ ನಷ್ಟವನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಹಣ್ಣು, ತರಕಾರಿ, ಮೀನಿನ ಅಂಗಡಿಗೆ ವಿನಾಯಿತಿ ಕೊಡದೆ ಬಂದ್ ಕರೆದರೆ ಅದರ ಖರ್ಚನ್ನು ತೆರುವವನು ತೋಟದ ಧಣಿಯಲ್ಲ. ತೆರುವವನು ಸಂತೆಯ ಬಡ ವ್ಯಾಪಾರಿ. ಅವನ ಅಂಗಡಿ ಮತ್ತೆ ತೆರೆಯದಿದ್ದರೆ ಅಲ್ಲಿ ಮೂಟೆ ಹೊರುವ ಹಮಾಲಿಗೂ, ಸಂಬಳದ ದಿನದವರೆಗೆ ಅಲ್ಲಿ ಸಾಲಕ್ಕೆ ಅಕ್ಕಿ ಒಯ್ಯುವ ಗಿರಣಿ ಕಾರ್ಮಿಕನಿಗೂ ಅನ್ನ ಹೋಗುತ್ತದೆ. ಮುಷ್ಕರ ನಮ್ಮ ಹಕ್ಕು. ಗಾಜು ಒಡೆಯುವುದು ಮುಷ್ಕರವಲ್ಲ.