ಶೃಂಗೇರಿಯ 1346ರ ಶಾಸನ ಮತ್ತು ಎರಡು ಪಂಥಗಳ ಓದು

ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯ ಕಂಡೊಡನೆ ‘ಅದು ಅವರವರ ದೃಷ್ಟಿಕೋನ’ ಎಂದು ಕೈತೊಳೆದುಕೊಳ್ಳುವುದು ನಮ್ಮ ವಿಚಾರಸಂಕಿರಣಗಳಲ್ಲಿ ರೂಢಿಯಾಗಿಬಿಟ್ಟಿದೆ. ಇದು ಉದಾರತೆಯಂತೆ ಕಂಡರೂ ವಾಸ್ತವವಾಗಿ ಆಲಸ್ಯ. ಎರಡು ಪಂಥಗಳು ಒಂದೇ ಘಟನೆಯನ್ನು ಬೇರೆಬೇರೆಯಾಗಿ ಓದುವುದು ರುಚಿಭೇದದಿಂದಲ್ಲ. ಯಾವ ಆಕರಕ್ಕೆ ಮೊದಲ ಮಣೆ ಹಾಕಬೇಕೆಂಬ ನಿರ್ಣಯದಿಂದ. ಆ ನಿರ್ಣಯವನ್ನು ಪರೀಕ್ಷಿಸಬಹುದು. ಮೇಗುಂದ ಸೀಮೆಗೆ ನೆರೆಯದೇ ಆದ ಶೃಂಗೇರಿಯ ಒಂದು ಶಾಸನ ಇದಕ್ಕೆ ಸಾಕ್ಷಿ.

1346ರಲ್ಲಿ ಸಂಗಮನ ಮಗ ಹರಿಹರನು ತನ್ನ ತಮ್ಮಂದಿರಾದ ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪರೊಡನೆ ಶೃಂಗೇರಿಗೆ ಬಂದು, ಭಾರತೀತೀರ್ಥರಿಗೂ ಅವರ ಪರಿವಾರಕ್ಕೂ ಭೂದಾನ ಮಾಡಿದನು. ಪೂರ್ವಸಮುದ್ರದಿಂದ ಪಶ್ಚಿಮಸಮುದ್ರದವರೆಗಿನ ಗೆಲುವನ್ನು ಶಾಸನವು ಹೇಳುತ್ತದೆ. ಇಷ್ಟು ಘಟನೆ. ಇದರಲ್ಲಿ ಯಾರಿಗೂ ತಕರಾರಿಲ್ಲ.

ತಕರಾರು ಇರುವುದು, ಬಂದವರು ಯಾರು ಎಂಬಲ್ಲಿ. ಎನ್. ವೆಂಕಟರಮಣಯ್ಯ ಮೊದಲಾದ ಆಂಧ್ರಮೂಲವಾದಿಗಳ ಪ್ರಕಾರ ಈ ಸೋದರರು ಕಾಕತೀಯರ ಆಶ್ರಯದಲ್ಲಿದ್ದವರು. ದೆಹಲಿಯ ಸೈನ್ಯಕ್ಕೆ ಸೆರೆಸಿಕ್ಕು ಮತಾಂತರಗೊಂಡು, ಸುಲ್ತಾನನ ಅಧಿಕಾರಿಗಳಾಗಿ ದಕ್ಷಿಣಕ್ಕೆ ಮರಳಿ, ವಿದ್ಯಾರಣ್ಯರಿಂದ ಸ್ವಧರ್ಮಕ್ಕೆ ಬಂದು ರಾಜ್ಯ ಕಟ್ಟಿದರು. ಈ ಓದಿನಲ್ಲಿ ಶೃಂಗೇರಿಯ ದಾನವು ಗುರುಋಣದ ಸಂದಾಯ. ಫಾದರ್ ಹೆರಾಸ್, ಸಾಲೆತ್ತೂರು ಮೊದಲಾದವರು ಬೆಳೆಸಿದ ಕರ್ನಾಟಕಮೂಲವಾದದ ಪ್ರಕಾರ ಇವರು ಹೊಯ್ಸಳರ ಅಧೀನದಲ್ಲಿ ಬೆಳೆದವರು. ಮೂರನೆಯ ಬಲ್ಲಾಳನು ಮಧುರೆಯ ಸುಲ್ತಾನನೊಡನೆ ಕಾದಾಡಿ ಮಡಿದ ಕೆಲವೇ ವರ್ಷಗಳಲ್ಲಿ ಒಡೆಯನಿಲ್ಲದ ನಾಡಿನ ಹೊಣೆ ಅವರ ಕೈಸೇರಿತು. ಶೃಂಗೇರಿಯ ದಾನವು ಆ ಹಸ್ತಾಂತರದ ಬಹಿರಂಗ ಘೋಷಣೆ. 1936ರಲ್ಲಿ ಧಾರವಾಡದಿಂದ ಹೊರಟ ವಿಜಯನಗರ ಷಟ್‌ಶತಮಾನೋತ್ಸವ ಸಂಪುಟವನ್ನು ತಿರುವಿದರೆ ಈ ಜಗಳದ ಬಿಸಿ ಇಂದಿಗೂ ತಟ್ಟುತ್ತದೆ. ಭಾಷಾವಾರು ಪ್ರಾಂತಗಳ ಬೇಡಿಕೆ ಏರುತ್ತಿದ್ದ ಕಾಲವದು. ಸಾಮ್ರಾಜ್ಯಸ್ಥಾಪಕರ ಮಾತೃಭಾಷೆ ಕೇವಲ ವಿದ್ವತ್ತಿನ ಪ್ರಶ್ನೆಯಾಗಿ ಉಳಿದಿರಲಿಲ್ಲ.

ಆದರೆ ಕಾಲದ ಒತ್ತಡವನ್ನು ತೋರಿಸಿದ ಮಾತ್ರಕ್ಕೆ ವಾದವು ಸುಳ್ಳಾಗದು. ಆಧಾರಗಳನ್ನೇ ನೋಡಬೇಕು. ಮೊದಲ ಪಂಥದ ಮುಖ್ಯ ಆಸರೆ ಬರನಿಯ ಬರಹ, ನೂನಿಜನ ವೃತ್ತಾಂತ ಮತ್ತು ವಿದ್ಯಾರಣ್ಯರ ಹೆಸರಿನ ಸಂಸ್ಕೃತ ಕಥನಗಳು. ನೂನಿಜ್ ಬರೆದದ್ದು ಸುಮಾರು ಎರಡು ಶತಮಾನಗಳ ಅನಂತರ. ಬರನಿ ಸಮಕಾಲೀನನೇ, ನಿಜ. ಕಂಪಿಲಿಗೆ ಕಳುಹಿಸಲ್ಪಟ್ಟ ಒಬ್ಬನು ಇಸ್ಲಾಮನ್ನು ತೊರೆದು ದಂಗೆಯೆದ್ದನೆಂದು ಅವನು ಹೇಳುತ್ತಾನೆ. ಆದರೆ ಅವನನ್ನು ಓರುಗಲ್ಲಿನ ನಾಯಕನ ಬಂಧುವೆಂದು ಕರೆಯುತ್ತಾನೆಯೇ ಹೊರತು ಹರಿಹರನೆಂದು ಹೆಸರಿಸುವುದಿಲ್ಲ. ಆ ಅನಾಮಿಕನನ್ನು ಹರಿಹರನೊಂದಿಗೆ ಸಮೀಕರಿಸಿದವರು ನಂತರದ ವಿದ್ವಾಂಸರು. ಸಮೀಕರಣವು ಅಸಾಧ್ಯವಲ್ಲ, ಆದರೆ ಅದು ಆಧಾರವಲ್ಲ, ಊಹೆ.

ಇನ್ನು ಶಾಸನ. ಅದರಲ್ಲಿ ದಾನ ಪಡೆದವರು ಭಾರತೀತೀರ್ಥರು. ವಿದ್ಯಾರಣ್ಯರ ಹೆಸರೇ ಇಲ್ಲ. ಅವರು ಪೀಠಾಧಿಪತಿಗಳಾಗಿ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು 1370ರ ದಶಕದಲ್ಲಿ. ರಾಜ್ಯಸ್ಥಾಪನೆಗೆ ಕಾರಣರಾದ ಗುರುವನ್ನು ಶಿಷ್ಯರು ಅದೇ ಮಠದ ದಾನಶಾಸನದಲ್ಲಿ ಮರೆತರೇ? ಮೊದಲ ಪಂಥವು ಉತ್ತರಿಸಬೇಕಾದ ಪ್ರಶ್ನೆಯಿದು. ಎರಡನೆಯ ಪಂಥಕ್ಕೆ ಇದು ತೊಡಕಲ್ಲ. ಹೊಯ್ಸಳ ರಾಣಿ ಕಿಕ್ಕಾಯಿತಾಯಿಯ ದಾನವೂ ಅದೇ ವರ್ಷ ಅದೇ ಶೃಂಗೇರಿಗೆ ಸಲ್ಲುತ್ತದೆ; ಹಳೆಯ ಮನೆತನವೂ ಹೊಸ ಮನೆತನವೂ ಒಂದೇ ಸ್ಥಳವನ್ನು ಮನ್ನಿಸಿದ್ದು ಹಸ್ತಾಂತರದ ಓದಿಗೆ ಬಲ ಕೊಡುತ್ತದೆ.

ಹಾಗೆಂದು ಕರ್ನಾಟಕಪಕ್ಷದವರು ಬೀಗಬೇಕಿಲ್ಲ. ಒಬ್ಬ ಅರಸನ ಅಧೀನದಲ್ಲಿದ್ದನೆಂಬುದು ಅವನ ಹುಟ್ಟುನೆಲವನ್ನಾಗಲಿ ಮನೆಮಾತನ್ನಾಗಲಿ ಹೇಳುವುದಿಲ್ಲ. ಶಾಸನದ ಮೌನದಿಂದ ಮತಾಂತರದ ಕಥೆ ಸುಳ್ಳೆಂದು ಸಾಧಿಸಲೂ ಆಗದು. ಅಂಥ ಸಂಗತಿಯನ್ನು ದಾನಶಾಸನದಲ್ಲಿ ಕೆತ್ತಿಸುವವರು ಯಾರು? ಹೆರಾಸರು ವಿದ್ಯಾರಣ್ಯರ ಸ್ಥಾಪಕಕಥೆಯನ್ನು ಹದಿನಾರನೆಯ ಶತಮಾನದ ಆರಂಭದಲ್ಲಿ ಶೃಂಗೇರಿಯ ಯತಿಗಳು ಕಟ್ಟಿದ್ದೆಂದು ಆರೋಪಿಸಿದ್ದು ಕೂಡ ಅತಿಯಾಯಿತು. ಕಥೆ ತಡವಾಗಿ ಬರಹಕ್ಕಿಳಿದದ್ದು ಬೇರೆ, ಯಾರೋ ಕುಳಿತು ಹೆಣೆದದ್ದು ಬೇರೆ. ಫಿಲಿಪ್ ವ್ಯಾಗನರ್ ಅವರು ಈ ಸಂಸ್ಕೃತ ಕಥನಗಳನ್ನು ಹುಟ್ಟಿನ ದಾಖಲೆಗಳಾಗಿ ಅಲ್ಲ, ವಿಜಯನಗರದವರು ದೆಹಲಿಯ ಅಧಿಕಾರದಿಂದ ತಮ್ಮ ಮಾನ್ಯತೆಯನ್ನು ಹೇಗೆ ಕಲ್ಪಿಸಿಕೊಂಡರೆಂಬುದಕ್ಕೆ ಸಾಕ್ಷಿಯಾಗಿ ಓದಿದರು. ಆಗ ಅವು ನಿರುಪಯುಕ್ತವಾಗಲಿಲ್ಲ; 1346ಕ್ಕೆ ಸಾಕ್ಷಿ ಹೇಳುವ ಕೆಲಸದಿಂದ ಮಾತ್ರ ಬಿಡುಗಡೆ ಪಡೆದವು.

ಆದುದರಿಂದ ಈ ವಿಷಯದ ಮೇಲೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ಎರಡೂ ಪಂಥಗಳ ಮತವನ್ನು ಸಮನಾಗಿ ಎರಡು ಪುಟಗಳಲ್ಲಿ ಹಂಚುವ ಮೊದಲು ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವನ್ನು ತೆರೆದು ಶೃಂಗೇರಿಯ ಶಾಸನಪಾಠವನ್ನು ಪೂರ್ತಿಯಾಗಿ ಓದಿರಿ. ಅನಂತರ ಪ್ರತಿಯೊಂದು ವಾದವೂ ಶಾಸನದ ಯಾವ ಸಾಲಿನ ಮೇಲೆ ನಿಂತಿದೆ, ಎಲ್ಲಿ ಸಾಲನ್ನು ಬಿಟ್ಟು ಬೇರೊಂದು ಗ್ರಂಥಕ್ಕೆ ಜಿಗಿಯುತ್ತದೆ ಎಂದು ಗುರುತು ಹಾಕಿರಿ.