ಧಾರೆ ಎರೆಯದ ಅಜ್ಜಿಯೂ, ಛತ್ರದ ಇಳಿಜಾರೂ

ಮಂಡ್ಯದ ಕಲ್ಯಾಣ ಮಂಟಪವೊಂದರಲ್ಲಿ 2024ರಲ್ಲಿ ನಡೆದ ಮದುವೆ. 800 ಎಲೆ ಊಟ. ವಾಲಗದವರು, ವಿಡಿಯೋದವರು, ಹೂವಿನ ಮಂಟಪದವರು ಎಲ್ಲರೂ ಹೇಳಿದ ಹೊತ್ತಿಗೆ ಬಂದರು. ಧಾರೆ ಎರೆಯಲು ನೂಕುನುಗ್ಗಲು. ಆದರೆ ಹುಡುಗಿಯನ್ನು ಮೂರು ತಿಂಗಳ ಕೂಸಿನಿಂದ ಸಾಕಿದ, 82 ವರ್ಷದ ಅಜ್ಜಿ ಮಾತ್ರ ಧಾರೆ ಎರೆಯಲಿಲ್ಲ.

ಬಂದಿರಲಿಲ್ಲವೇ? ಬಂದಿದ್ದರು. ಬೆಳಿಗ್ಗೆ ಏಳಕ್ಕೇ ಬಂದಿದ್ದರು. ವೇದಿಕೆಯಿಂದ ದೂರದಲ್ಲಿ, ಕಂಬದ ಮರೆಯಲ್ಲಿ, ಗಾಲಿಕುರ್ಚಿಯ ಮೇಲೆ ಕೂತಿದ್ದರು. ಗಟ್ಟಿಮೇಳ ಕೇಳಿ ತಾಳಿ ಕಟ್ಟಿದ್ದು ಗೊತ್ತಾಯಿತೇ ಹೊರತು ಕಣ್ಣಿಗೆ ಏನೂ ಕಾಣಲಿಲ್ಲ.

ಮನೆಯವರು ಅಜ್ಜಿಯನ್ನು ಮರೆತವರಲ್ಲ. ಛತ್ರ ಗೊತ್ತು ಮಾಡುವಾಗಲೇ ಹುಡುಗಿಯ ತಂದೆ ಮ್ಯಾನೇಜರನ್ನು ಕೇಳಿದ್ದರು. "ವೀಲ್ ಚೇರ್ ಇದೆ, ರ‍್ಯಾಂಪೂ ಇದೆ ಸಾರ್, ಅದಕ್ಯಾಕೆ ಯೋಚ್ನೆ ಮಾಡ್ತೀರಿ" ಅಂದಿದ್ದ ಆತ. ಮಾತು ಸುಳ್ಳಲ್ಲ. ಎರಡೂ ಇದ್ದವು. ಅಜ್ಜಿಗೆ ಮಾತ್ರ ಎರಡೂ ಒದಗಲಿಲ್ಲ.

ಪಾತ್ರೆಗೆ ಮಾಡಿದ ಇಳಿಜಾರು

ಗಾಲಿಕುರ್ಚಿ ಇದ್ದದ್ದು ಆಫೀಸ್ ರೂಮಿನಲ್ಲಿ, ಬೀಗದೊಳಗೆ. ಬೀಗದ ಕೈ ಇದ್ದವನು ಹಾಲು ತರಲು ಹೋಗಿದ್ದ. ಮುಕ್ಕಾಲು ಗಂಟೆ ಕಳೆದ ಮೇಲೆ ಕುರ್ಚಿ ಹೊರಗೆ ಬಂದಾಗ ಒಂದು ಕಡೆ ಕಾಲಿಡುವ ಹಲಗೆಯೇ ಇಲ್ಲ, ಬ್ರೇಕು ಹಿಡಿಯುತ್ತಿರಲಿಲ್ಲ. ಅಷ್ಟು ಹೊತ್ತೂ ಅಜ್ಜಿ ಕಾರಿನಲ್ಲೇ.

ಇನ್ನು ಇಳಿಜಾರಿನ ಕತೆ. ಬಾಗಿಲಿಗೆ ಮೂರು ಮೆಟ್ಟಿಲು, ಒಂದೊಂದೂ ಆರು ಇಂಚು. ಒಟ್ಟು 18 ಇಂಚು ಎತ್ತರ. ಗಾಲಿಕುರ್ಚಿಯ ಇಳಿಜಾರಿಗೆ ಇರುವ ಲೆಕ್ಕ ಬಹಳ ಸರಳ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಅಂದರೆ ಇಲ್ಲಿ 18 ಅಡಿ ಉದ್ದದ ಇಳಿಜಾರು ಬೇಕಿತ್ತು. ಇದ್ದದ್ದು ಆರು ಅಡಿ. ಬೇಕಾದ್ದಕ್ಕಿಂತ ಮೂರು ಪಟ್ಟು ಕಡಿದು. ಅದನ್ನು ಕಟ್ಟಿದ್ದು ಮನುಷ್ಯರಿಗಲ್ಲ, ಅಡುಗೆಯವರ ಹಂಡೆ, ಗ್ಯಾಸ್ ಸಿಲಿಂಡರ್ ಎಳೆದುಕೊಂಡು ಹೋಗಲಿಕ್ಕೆ. ಇಬ್ಬರು ಹುಡುಗರು ಹಿಂದಿನಿಂದ ನೂಕಿದರು. ಅರ್ಧ ಹತ್ತುವ ಹೊತ್ತಿಗೆ ಕುರ್ಚಿಯ ಮುಂದಿನ ಚಿಕ್ಕ ಗಾಲಿಗಳು ನೆಲ ಬಿಟ್ಟು ಮೇಲೆದ್ದವು. ಅಜ್ಜಿ "ಅಯ್ಯೋ ಶಿವನೇ" ಎಂದು ಕಿರುಚಿದರು. ಹಿಂದಿದ್ದವನು ಗಟ್ಟಿ ಹಿಡಿದ, ಬೀಳಲಿಲ್ಲ. ಆದರೆ ಆಮೇಲೆ ದಿನವಿಡೀ ಆಕೆ ಕುರ್ಚಿಯನ್ನು ಅಲ್ಲಾಡಿಸಲು ಬಿಡಲಿಲ್ಲ. "ನನ್ ಪಾಡಿಗೆ ನಾನು ಇಲ್ಲೇ ಕೂತಿರ್ತೀನಿ, ನೀವ್ ಓಗಿ ಮುಗುಸ್ಕಂಡ್ ಬನ್ನಿ" ಎಂದುಬಿಟ್ಟರು.

ವೇದಿಕೆಗೆ ಮತ್ತೆ ಐದು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಯಾರೋ ನಾಲ್ವರು ಕುರ್ಚಿಯ ಸಮೇತ ಎತ್ತುತ್ತೇವೆ ಎಂದು ಮುಂದೆ ಬಂದರು. ಎತ್ತದಿದ್ದದ್ದೇ ಒಳ್ಳೆಯದಾಯಿತು. ಅನೇಕ ಗಾಲಿಕುರ್ಚಿಗಳ ಕೈಗಳು ಕಳಚುವಂಥವು. ಅದನ್ನೇ ಹಿಡಿದು ಎತ್ತಿದರೆ ಕೈ ಮಾತ್ರ ಮೇಲೆ ಬರುತ್ತದೆ, ಕೂತವರು ಕೆಳಗೆ.

ನೀರು ಕುಡಿಯದ ಅಜ್ಜಿ

ಇವೆಲ್ಲ ನಾಲ್ಕು ಜನರ ಕಣ್ಣಿಗೆ ಬಿದ್ದ ಸಂಗತಿಗಳು. ಯಾರ ಕಣ್ಣಿಗೂ ಬೀಳದ್ದು ಇನ್ನೊಂದಿತ್ತು. ಅಜ್ಜಿ ಹಿಂದಿನ ಸಂಜೆಯಿಂದಲೇ ನೀರು ಬಿಟ್ಟಿದ್ದರು. ಛತ್ರದಲ್ಲಿ ಬಚ್ಚಲಿಗೆ ಹೋಗುವುದು ತನ್ನ ಕೈಲಾಗುವುದಿಲ್ಲ ಎಂಬುದು ಆಕೆಗೆ ಮೊದಲೇ ಗೊತ್ತಿತ್ತು. ಕಾಫಿ ಕೊಟ್ಟರೆ "ಬ್ಯಾಡ ಕಣವ್ವ", ನೀರು ಕೊಟ್ಟರೆ "ಬಾಯಾರಿಲ್ಲ". ಹನ್ನೊಂದು ಗಂಟೆಗೆ ತಲೆ ಸುತ್ತಿ ಕತ್ತು ವಾಲಿತು. ಬೀಗರು "ವಯಸ್ಸಾಯ್ತಲ್ಲ, ಆಯಾಸ" ಎಂದರು. ಆಯಾಸವಲ್ಲ ಸ್ವಾಮಿ, ಅದು ಛತ್ರದ ಬಚ್ಚಲಿನ ಬಾಗಿಲು.

ಆ ಬಾಗಿಲಿನ ಅಗಲ 24 ಇಂಚು. ಸಾಮಾನ್ಯ ಮಡಿಚುವ ಗಾಲಿಕುರ್ಚಿ ಗಾಲಿಯಿಂದ ಗಾಲಿಗೆ ಸುಮಾರು 26 ಇಂಚು ಇರುತ್ತದೆ. ಎರಡು ಇಂಚಿನ ಕೊರತೆಗೆ ಒಂದು ಹಗಲು ಉಪವಾಸ. ಗಾಲಿ ತಿರುಗಿಸುವ ಕೈ, ಮೊಣಕೈ ತಾಗದೆ ಹೋಗಬೇಕಾದರೆ ಬಾಗಿಲು ತೆರೆದಾಗ 32 ಇಂಚಾದರೂ ಸಿಗಬೇಕು. ಮುಪ್ಪಿನವರು ಸಮಾರಂಭದಲ್ಲಿ ನೀರು ಬೇಡ ಎಂದರೆ ಅದು ಸಂಕೋಚ ಎಂದುಕೊಳ್ಳಬಾರದು. ಬಚ್ಚಲು ದೂರವಿದೆ, ಇಲ್ಲವೇ ಒಳಗೆ ಹೋಗಲಾಗದಂತಿದೆ ಎಂದೇ ತಿಳಿಯಬೇಕು.

ಟೇಪು ಹಿಡಿದು ಹೋದ ದೊಡ್ಡಪ್ಪ

ಅದೇ ಮನೆಯ ಎರಡನೇ ಹುಡುಗಿಯ ಮದುವೆ 2025ರಲ್ಲಿ ಆಯಿತು. ಈ ಸಲ ಛತ್ರ ನೋಡಲು ಹೋದವರು ಹುಡುಗಿಯ ದೊಡ್ಡಪ್ಪ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಊರುಗೋಲು ಹಿಡಿದು ನಡೆಯುವವರು. ಜೇಬಿನಲ್ಲಿ ಅಳತೆ ಟೇಪು. ಮ್ಯಾನೇಜರನ ಮಾತು ಕೇಳುವ ಬದಲು ಅಜ್ಜಿಯ ದಾರಿಯನ್ನೇ ಅಳೆಯುತ್ತಾ ಹೋದರು. ಕಾರು ನಿಲ್ಲುವುದೆಲ್ಲಿ, ಒಳಗೆ ಹೋಗುವುದೆಲ್ಲಿ, ಕೂರುವುದೆಲ್ಲಿ, ಬಚ್ಚಲೆಲ್ಲಿ, ಎಲೆ ಹಾಕುವುದೆಲ್ಲಿ. ಕಾರಿನ ಬಾಗಿಲಿನಿಂದ ಊಟದ ಎಲೆಯವರೆಗೆ ಒಂದು ಕಡೆ ದಾರಿ ತಪ್ಪಿದರೂ ಉಳಿದದ್ದೆಲ್ಲ ವ್ಯರ್ಥ.

ಮೂರು ಛತ್ರ ಅಳೆದರು. ಮೂರರಲ್ಲೂ ಮುಂಬಾಗಿಲು ಮೆಟ್ಟಿಲೇ. ಆದರೆ ಮೂರನೆಯದರಲ್ಲಿ ತರಕಾರಿ ಗಾಡಿ ಬರುವ ಪಕ್ಕದ ಬಾಗಿಲು ನೆಲಮಟ್ಟಕ್ಕೇ ಇತ್ತು. ಅಜ್ಜಿಯನ್ನು ಆ ದಾರಿಯಲ್ಲಿ ತರುವುದೆಂದು ಗೊತ್ತಾಯಿತು. ಅಡುಗೆಯವರಿಗೆ ಒಂದೇ ಮಾತು: ಬೆಳಿಗ್ಗೆ ಆರೂವರೆಯಿಂದ ಆ ದಾರಿಯಲ್ಲಿ ನೀರು, ಸಿಪ್ಪೆ, ಚೀಲ ಇರಕೂಡದು. ಒದ್ದೆ ನೆಲದಲ್ಲಿ ಊರುಗೋಲು ಜಾರುತ್ತದೆ ಎಂಬುದು ದೊಡ್ಡಪ್ಪನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕುರ್ಚಿಯನ್ನೂ ಛತ್ರದವರದ್ದು ನಂಬಲಿಲ್ಲ. ಮೆಡಿಕಲ್ ಅಂಗಡಿಯಿಂದ ಹಿಂದಿನ ದಿನವೇ ಬಾಡಿಗೆಗೆ ತಂದು, ಬ್ರೇಕು ಹಾಕಿ ನೂಕಿ ನೋಡಿ ಇಟ್ಟುಕೊಂಡರು.

ಬಚ್ಚಲಿನ ಬಾಗಿಲು ಅಲ್ಲಿಯೂ ಇಕ್ಕಟ್ಟೇ. ಒಂದು ಮದುವೆಗಾಗಿ ಗೋಡೆ ಒಡೆಯಲಾಗುವುದಿಲ್ಲವಲ್ಲ. ಕೆಳಗಿನ ಒಂದು ಕೋಣೆಯನ್ನು ಅಜ್ಜಿಗೇ ಬಿಡಿಸಿಕೊಂಡು ಕಮೋಡ್ ಕುರ್ಚಿ ಇಟ್ಟರು. ಒಳಗಿನಿಂದ ಚಿಲಕ, ಬಕೆಟ್ಟು, ಚೊಂಬು, ಟವೆಲು. ಆ ದಿನ ಅಜ್ಜಿ ಮೂರು ಸಲ ಕಾಫಿ ಕುಡಿದರು. ವ್ಯವಸ್ಥೆ ಸರಿಯಿತ್ತು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಕೂರುವ ಜಾಗಕ್ಕೂ ಲೆಕ್ಕವಿದೆ. ಮುಂದಿನ ಸಾಲಿನ ಸೋಫಾದಲ್ಲಿ ಮುದುಕರನ್ನು ಕೂರಿಸುವುದು ಮರ್ಯಾದೆ ಎಂದು ಎಲ್ಲರೂ ತಿಳಿದಿದ್ದಾರೆ. ಆ ತಗ್ಗು ಸೋಫಾದಲ್ಲಿ ಹೂತುಹೋದವರು ಮತ್ತೆ ಏಳಬೇಕಾದರೆ ಇಬ್ಬರು ಕಂಕುಳಿಗೆ ಕೈ ಹಾಕಬೇಕು. ಅವರಿಗೆ ಬೇಕಾದ್ದು 18 ಇಂಚು ಎತ್ತರದ, ಕೈಯಿರುವ, ಗಟ್ಟಿ ಕುರ್ಚಿ. ಗಾಲಿಕುರ್ಚಿಗೆ ಎರಡನೇ ಸಾಲಿನ ತುದಿಯಲ್ಲಿ ಎರಡು ಕುರ್ಚಿ ತೆಗೆಸಿ ಜಾಗ ಮಾಡಿದರು. ಓಡಾಡುವ ದಾರಿಗೆ ಅಡ್ಡವಿಲ್ಲ, ಅಜ್ಜಿಯ ಪಕ್ಕದಲ್ಲೇ ಆಕೆಯ ತಂಗಿ. ಸ್ಪೀಕರ್ ಡಬ್ಬ ಇನ್ನೊಂದು ಕಡೆಗೆ ಹೋಯಿತು.

ಊಟದ ಮನೆಯಲ್ಲಿ ನೆಲಕ್ಕೆ ಬಿಗಿದ ಮೇಜು, ಬಿಗಿದ ಸ್ಟೂಲು. ಗಾಲಿಕುರ್ಚಿ ಹತ್ತಿರ ಹೋಗುವಂತಿಲ್ಲ. ಮುಯ್ಯಿ ಬರೆಯುವ ಮೇಜನ್ನೇ ತಂದು ಸಾಲಿನ ಕೊನೆಗೆ ಹಾಕಿದರು. ಮೊದಲ ಪಂಕ್ತಿಗೆ ಬಾಗಿಲು ತೆರೆಯುವ ಕಾಲು ಗಂಟೆ ಮುಂಚೆಯೇ ಮುದುಕರನ್ನೆಲ್ಲ ಕೂರಿಸಿದರು. ಮನೆಯವರೆಂದು ಕೊನೆ ಪಂಕ್ತಿಗೆ ನಿಲ್ಲಿಸಲಿಲ್ಲ. ಅವರಲ್ಲಿ ಇನ್ಸುಲಿನ್ ಚುಚ್ಚಿಕೊಂಡವರೊಬ್ಬರಿದ್ದರು. ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಸಕ್ಕರೆ ಇಳಿದು ಬೆವತು ಬೀಳುತ್ತಾರೆ.

ಬೇರೆ ಕೆಲಸವಿಲ್ಲದ ಇಬ್ಬರು

ಇಷ್ಟೆಲ್ಲ ಇದ್ದೂ ಜನ ಇಲ್ಲದಿದ್ದರೆ ಕೆಡುತ್ತದೆ. ಮೊದಲ ಮದುವೆಯಲ್ಲಿ "ಅಜ್ಜೀನ ಎಲ್ರೂ ನೋಡ್ಕೊಳ್ರಪ್ಪಾ" ಎಂದಿದ್ದರು. ಎಲ್ಲರೂ ನೋಡಿಕೊಳ್ಳುವುದೆಂದರೆ ಯಾರೂ ನೋಡಿಕೊಳ್ಳದಿರುವುದು. ಈ ಸಲ ಇಬ್ಬರನ್ನು ಹೆಸರು ಹಿಡಿದು ಗೊತ್ತುಮಾಡಿದರು. ಒಬ್ಬ ಹುಡುಗ, ಒಬ್ಬಳು ಹುಡುಗಿ. ಬಚ್ಚಲಿಗೆ ಕರೆದೊಯ್ಯಲು ಹೆಣ್ಣುಮಗಳೇ ಬೇಕಲ್ಲ. ಬಡಿಸುವುದು, ತಾಂಬೂಲ ಹಂಚುವುದು, ಫೋಟೋಗೆ ನಿಲ್ಲುವುದು, ಯಾವುದೂ ಅವರಿಗಿಲ್ಲ. ಅವರಿಗೆ ಊಟ ಮೊದಲೇ.

ಹಿಂದಿನ ದಿನ ದೊಡ್ಡಪ್ಪ ಅವರಿಬ್ಬರಿಗೆ ಹತ್ತು ನಿಮಿಷ ಪಾಠ ಮಾಡಿದರು. ಕೂರಿಸುವ, ಏಳಿಸುವ ಮೊದಲು ಎರಡೂ ಕಡೆ ಬ್ರೇಕು ಹಾಕಬೇಕು. ಕಾಲಿಡುವ ಹಲಗೆ ಮೇಲೆ ಮಡಿಚಬೇಕು. ಅದರ ಮೇಲೆ ನಿಂತು ಏಳಲು ಹೋದರೆ ಕುರ್ಚಿಯೇ ಮುಂದಕ್ಕೆ ಮಗುಚುತ್ತದೆ. ಹೊಸಲು ಅಡ್ಡ ಬಂದರೆ ಹಿಂದಿನ ಕೊಳವೆಯ ಮೇಲೆ ಕಾಲೊತ್ತಿ ಚಿಕ್ಕ ಗಾಲಿಗಳನ್ನು ಎತ್ತಿ ದಾಟಿಸಬೇಕು. ಇಳಿಜಾರಿನಲ್ಲಿ ಇಳಿಯುವಾಗ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಬೇಕು, ಮುಂದುಮುಂದಾಗಿ ಬಿಟ್ಟರೆ ಕೂತವರು ಜಾರಿ ಬೀಳುತ್ತಾರೆ. ಎಲ್ಲಕ್ಕಿಂತ ಮೊದಲು, "ಅಜ್ಜಿ, ನೂಕ್ಲಾ?" ಎಂದು ಕೇಳಬೇಕು. ತಮ್ಮ ವಿಷಯಕ್ಕೆ ಅವರದು ಒಂದೇ ಮಾತು: "ನನ್ ಕೈ ಹಿಡೀಬೇಡ್ರಪ್ಪ, ದಾರಿ ಬಿಡಿ. ಊರುಗೋಲು ತಗೊಂಡೋಗಿ ಮೂಲೇಲಿ ಇಡ್ಬೇಡಿ."

ಇನ್ನು ಧಾರೆ. ವೇದಿಕೆಯ ಮೆಟ್ಟಿಲು ಇಲ್ಲಿಯೂ ಇತ್ತು. ಅಜ್ಜಿಯನ್ನು ಮೇಲಕ್ಕೆ ಎತ್ತುವ ಮಾತೇ ಎತ್ತಲಿಲ್ಲ. ಪುರೋಹಿತರಿಗೂ ಫೋಟೋದವರಿಗೂ ಮೊದಲೇ ಹೇಳಿ, ಗಂಡು ಹೆಣ್ಣನ್ನೇ ಐದು ನಿಮಿಷ ಕೆಳಗಿಳಿಸಿದರು. ಅಜ್ಜಿ ಕೂತಲ್ಲೇ ಹಾಲು ಎರೆದರು. ಶಾಸ್ತ್ರ ಕೆಡಲಿಲ್ಲ, ಮುಹೂರ್ತ ಮೀರಲಿಲ್ಲ.

ಛತ್ರದ ಯಜಮಾನರಿಗೆ

ಮನೆಯವರು ಇಷ್ಟು ಮಾಡಿದರು, ಸರಿ. ಆದರೆ ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಬಾಡಿಗೆ ಎಣಿಸುವವರು ಅಜ್ಜಿಯನ್ನು ತರಕಾರಿ ಬಾಗಿಲಿನಿಂದ ಒಳಗೆ ಬರಮಾಡಿಕೊಳ್ಳುವುದು ಯಾವ ನ್ಯಾಯ? ಅವರ ವಾದ ಹಳೆಯದು: "ವರ್ಷಕ್ಕೆ ಅಂಥೋರು ಒಬ್ರೋ ಇಬ್ರೋ ಬರ್ತಾರೆ, ಅದಕ್ಕೆ ಯಾಕೆ ಖರ್ಚು?" ಬರಲಾಗದಂತೆ ಕಟ್ಟಿ, ಬರುವುದಿಲ್ಲ ಎಂದು ತಲೆ ಎಣಿಸುವುದು ಒಳ್ಳೆಯ ಲೆಕ್ಕ!

ಕಾನೂನಿನ ಲೆಕ್ಕ ಬೇರೆಯಿದೆ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಜನ ಬಂದುಹೋಗುವ ಕಟ್ಟಡ ಸರ್ಕಾರದ್ದಿರಲಿ ಖಾಸಗಿಯದಿರಲಿ, ಅದಕ್ಕೆ ಅನ್ವಯಿಸುತ್ತದೆ. ಹಳೆಯ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷದ ಗಡುವು 2022ರ ಜೂನ್‌ನಲ್ಲೇ ತೀರಿದೆ. ಹೊಸ ಕಟ್ಟಡ ನಿಯಮದಂತೆ ಇಲ್ಲದಿದ್ದರೆ ಅದಕ್ಕೆ ಮುಕ್ತಾಯ ಪತ್ರವನ್ನೇ ಕೊಡಕೂಡದು. ತಪ್ಪಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ತಪ್ಪಿದರೆ 50,000ದಿಂದ ಐದು ಲಕ್ಷ. ಆರು ಅಡಿ ಇಳಿಜಾರು ನೋಡಿ ಮುಕ್ತಾಯ ಪತ್ರಕ್ಕೆ ರುಜು ಹಾಕುವ ಅಧಿಕಾರಿಯ ಹತ್ತಿರ ಅಳತೆ ಟೇಪು ಇರುವುದಿಲ್ಲವೇ?

ಇಲ್ಲದಿದ್ದರೆ ದೊಡ್ಡಪ್ಪನವರದ್ದು ಇದೆ. ಮುಂದಿನ ಲಗ್ನಕ್ಕೆ ಛತ್ರ ನೋಡಲು ಹೋಗುವವರು ಮುಂಗಡ ಕೊಡುವ ಮೊದಲು ಅಂಥದ್ದೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ಇಳಿಜಾರು ಅಳೆಯಲಿ, ಬಚ್ಚಲಿನ ಬಾಗಿಲು ಅಳೆಯಲಿ. ಸಾಲದಿದ್ದರೆ "ಅಜ್ಜಿ ಬರೋಕಾಗಲ್ಲ, ಬೇಡ" ಎಂದು ಯಜಮಾನರ ಎದುರಿಗೇ ಹೇಳಿ ಎದ್ದು ಬರಲಿ. ಹತ್ತು ಮನೆಯವರು ಹೀಗೆ ಮುಂಗಡ ಕೊಡದೆ ಎದ್ದು ಬಂದರೆ, 18 ಅಡಿ ಇಳಿಜಾರಿಗೆ ಸಿಮೆಂಟು ತಾನಾಗಿ ಸಿಗುತ್ತದೆ.