ರಿಸಲ್ಟ್ ಯಾವಾಗ ಅಂತ ಯಾರನ್ನ ಕೇಳೋದು?

ಹೋದ ತಿಂಗಳು ಒಂದು ಗುರುವಾರ ರಾತ್ರಿ ಹತ್ತೂವರೆಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. ಬೆಂಗಳೂರಿಂದ ಸಿಂಧನೂರಿನ ಬಸ್ಸು ಹತ್ತಿ ಕೂತಿದ್ದ. ನಮ್ಮ ಜವಳಗೇರಾದವನೇ. ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷ ಆಗಿದೆ. ಅವತ್ತು ಒಂದು ಕಂಪನಿಯಲ್ಲಿ ಇಡೀ ದಿನದ ಅಸೆಸ್‌ಮೆಂಟ್ ಇತ್ತು. ಬೆಳಿಗ್ಗೆ ಆರು ಜನರ ಗುಂಪು ಚರ್ಚೆ, ಆಮೇಲೆ ಒಂದು ಗಂಟೆಯಲ್ಲಿ ಹದಿನೆಂಟು ಮೇಲ್‌ಗಳಿಗೆ ಉತ್ತರ ಬರೆಯೋದು, ಮಧ್ಯಾಹ್ನ ಸಿಟ್ಟಿಗೆದ್ದ ಗ್ರಾಹಕನ ಜೊತೆ ಮಾತಾಡುವ ರೋಲ್ ಪ್ಲೇ, ಹತ್ತು ನಿಮಿಷದ ಪ್ರೆಸೆಂಟೇಶನ್, ಕೊನೆಗೆ ಇಂಟರ್‌ವ್ಯೂ.

"ಅಣ್ಣಾ, ಏಳು ಮಂದಿ ಕುಂತು ನೋಡ್ಯಾರ. ಐದು ಮಂದಿ ಲಿಂಕ್ಡ್‌ಇನ್‌ನ್ಯಾಗ ಸಿಕ್ಕಾರ. ಎಲ್ಲಾರಿಗೂ ಥ್ಯಾಂಕ್ಸ್ ಹೇಳಿ ರಿಸಲ್ಟ್ ಯಾವಾಗಂತ ಕೇಳಿಬಿಡ್ಲೇನು?"

"ಬ್ಯಾಡ. ಮೊದಲು ಮಲ್ಕೋ. ಬೆಳಿಗ್ಗೆ ಮನಿಗೆ ಹೋಗಿ ಫೋನ್ ಮಾಡು" ಅಂದೆ.

ಯಾಕೆ ಬೇಡ ಅಂದೆ ಅಂತ ಹೇಳ್ತೀನಿ. ಏಳು ವರ್ಷದ ಹಿಂದೆ ನಾನೂ ಇಂಥದ್ದೇ ಒಂದು ದಿನ ಮುಗಿಸಿ ಬಂದವನು, ಅವತ್ತೇ ರಾತ್ರಿ ನಾಲ್ಕು ಜನರನ್ನ ಒಂದೇ ಮೇಲ್‌ಗೆ ಸೇರಿಸಿ "ರಿಸಲ್ಟ್ ಯಾವಾಗ ತಿಳಿಸುತ್ತೀರಿ" ಅಂತ ಕೇಳಿದ್ದೆ. ಒಬ್ಬರೂ ಉತ್ತರ ಕೊಡಲಿಲ್ಲ. ನಾನು ಫೇಲ್ ಅಂತಲೇ ಅಂದುಕೊಂಡು ಎರಡು ವಾರ ಕೊರಗಿದೆ. ಈಗ ಎರಡು ವರ್ಷದಿಂದ ನಮ್ಮ ಕಂಪನಿಯಲ್ಲಿ ಹಾಗೆ ಕೂತು ನೋಡುವವರಲ್ಲಿ ನಾನೂ ಒಬ್ಬ. ಅವರು ಯಾಕೆ ಸುಮ್ಮನಿದ್ದರು ಅನ್ನೋದು ಈಗ ಅರ್ಥವಾಗಿದೆ. ಅವರಿಗೂ ಗೊತ್ತಿರಲಿಲ್ಲ.

ಒಳಗೆ ನಡೆಯೋದು ಇಷ್ಟು. ಗುಂಪು ಚರ್ಚೆಯಲ್ಲಿ ಆರು ಜನ ಇದ್ದರೆ ನನಗೆ ಕೊಡೋದು ಇಬ್ಬರನ್ನ ಮಾತ್ರ. ಅವರು ಹೇಳಿದ್ದನ್ನ, ಮಾಡಿದ್ದನ್ನ ಹಾಗೇ ಬರೆದುಕೊಳ್ಳಬೇಕು. "ಒಳ್ಳೆಯ ಲೀಡರ್" ಅಂತ ಬರೆಯೋ ಹಾಗಿಲ್ಲ. "ಸುಮ್ಮನೆ ಕೂತಿದ್ದ ಹುಡುಗಿಯನ್ನ ನಿಮ್ಮ ಅಭಿಪ್ರಾಯ ಏನು ಅಂತ ಕೇಳಿದ" ಅಂತ ಬರೆಯಬೇಕು. ಚರ್ಚೆ ಮುಗಿದ ಮೇಲೆ ಆ ಸಾಲುಗಳನ್ನ ಒಂದೊಂದು ಗುಣದ ಕೆಳಗೆ ಹಂಚಿ ಅಂಕ ಹಾಕ್ತೀವಿ. ಅದೇ ಹುಡುಗನನ್ನ ರೋಲ್ ಪ್ಲೇನಲ್ಲಿ ನೋಡೋದು ಬೇರೆಯವರು, ಇಂಟರ್‌ವ್ಯೂನಲ್ಲಿ ಇನ್ನೊಬ್ಬರು. ಒಬ್ಬರ ಅಂಕ ಇನ್ನೊಬ್ಬರಿಗೆ ಗೊತ್ತಿರಲ್ಲ. ಗೊತ್ತಾದರೆ ಒಬ್ಬರ ಅಭಿಪ್ರಾಯ ಎಲ್ಲರಿಗೂ ಅಂಟಿಕೊಳ್ಳುತ್ತೆ ಅಂತಲೇ ಈ ಪದ್ಧತಿ.

ಆಮೇಲೆ ಎಲ್ಲರೂ ಒಂದು ಕಡೆ ಕೂತು ಅಭ್ಯರ್ಥಿಗಳ ಬಗ್ಗೆ ಒಬ್ಬೊಬ್ಬರಾಗಿ ಮಾತಾಡ್ತೀವಿ. ಈ ಸಭೆಗೆ ವಾಶ್-ಅಪ್ ಅಂತಾರೆ. ನಾನು ನಾಲ್ಕು ಕೊಟ್ಟವನಿಗೆ ಇನ್ನೊಬ್ಬರು ಎರಡು ಕೊಟ್ಟಿರ್ತಾರೆ. ಇಬ್ಬರೂ ಬರೆದುಕೊಂಡ ಸಾಲುಗಳನ್ನ ಓದಿ ಯಾಕೆ ಅಂತ ಹೇಳಬೇಕು. ಅದು ಮುಗಿದರೂ ರಿಸಲ್ಟ್ ಆಗಲಿಲ್ಲ. ಉಳಿದ ಬ್ಯಾಚ್‌ಗಳು ಮುಗಿಯಬೇಕು, ಎಷ್ಟು ಹುದ್ದೆ, ಎಷ್ಟು ಸಂಬಳ ಅನ್ನೋದಕ್ಕೆ ಮೇಲಿನವರ ಒಪ್ಪಿಗೆ ಬರಬೇಕು. ಅಷ್ಟು ಹೊತ್ತಿಗೆ ನಾವು ನಮ್ಮ ಕೋಡಿಂಗ್ ಕೆಲಸಕ್ಕೆ ವಾಪಸ್ ಹೋಗಿರ್ತೀವಿ. ನಮ್ಮನ್ನ ಕೇಳಿದರೆ ಏನು ಹೇಳೋದು? ಜೊತೆಗೆ, ಅಭ್ಯರ್ಥಿಗಳ ಜೊತೆ ಫಲಿತಾಂಶದ ಮಾತು ಆಡಬೇಡಿ ಅಂತ ನಮಗೆ ಮೊದಲೇ ಹೇಳಿರ್ತಾರೆ.

ನಮ್ಮೂರಿನವರಿಗೆ ಇದನ್ನ ಹೇಳೋದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಯಾವಾಗ ಬಿಡ್ತಾರೆ ಅಂತ ಗ್ಯಾಂಗ್‌ಮನ್‌ನ ಕೇಳಿದರೆ ಅವನೇನು ಹೇಳ್ತಾನೆ? ತನ್ನ ಗೇಟಿನ ಹತ್ತಿರ ಗೇಜ್ ಎಷ್ಟಿದೆ ಅಂತ ಹೇಳಬಹುದು. ಬಿಡೋ ದಿನ ಗೊತ್ತಾಗೋದು ಐಸಿಸಿ ಸಭೆ ಆದಮೇಲೆ. ಅಸೆಸರ್ ಅಂದರೆ ಆ ಗ್ಯಾಂಗ್‌ಮನ್ ಇದ್ದಂಗೆ.

ಈ ಪದ್ಧತಿ ಕಂಪನಿಗಳಲ್ಲಿ ಹುಟ್ಟಿದ್ದಲ್ಲ, ಸೈನ್ಯದಿಂದ ಬಂದಿದ್ದು. ಅಮೆರಿಕದ ಎಟಿ ಅಂಡ್ ಟಿ ಕಂಪನಿ 1956ರಲ್ಲಿ ತನ್ನ ಮ್ಯಾನೇಜರ್‌ಗಳ ಮೇಲೆ ದೊಡ್ಡದಾಗಿ ಪ್ರಯೋಗ ಮಾಡಿದ ಮೇಲೆ ಉಳಿದ ಕಂಪನಿಗಳೂ ಹಿಡಿದವು. ನಮ್ಮಲ್ಲಿ ಇದರ ಹಳೆಯ ರೂಪ ನೋಡಬೇಕಂದರೆ ಬೆಂಗಳೂರಿನ ಎಸ್‌ಎಸ್‌ಬಿ ಇದೆ, ಸೈನ್ಯದ ಅಧಿಕಾರಿಗಳನ್ನ ಆರಿಸುವ ಸೆಲೆಕ್ಷನ್ ಸೆಂಟರ್. ಅಲ್ಲಿ ಮನಶ್ಶಾಸ್ತ್ರಜ್ಞರು, ಮೈದಾನದ ಗುಂಪು ಕೆಲಸ ನೋಡುವ ಅಧಿಕಾರಿ, ಇಂಟರ್‌ವ್ಯೂ ಮಾಡುವ ಅಧಿಕಾರಿ ಬೇರೆ ಬೇರೆಯಾಗಿ ಅಂಕ ಹಾಕ್ತಾರೆ. ಕೊನೆಯ ದಿನ ಕಾನ್ಫರೆನ್ಸ್‌ನಲ್ಲಿ ಒಟ್ಟಿಗೆ ಕೂತು ತೀರ್ಮಾನ ಮಾಡಿ, ಸ್ವಲ್ಪ ಹೊತ್ತಿನಲ್ಲೇ ಆಯ್ಕೆಯಾದವರ ಚೆಸ್ಟ್ ನಂಬರ್ ಕೂಗ್ತಾರೆ. ಆದರೆ ಅಲ್ಲೂ ಅದು ಕೆಲಸ ಸಿಕ್ಕಂಗಲ್ಲ. ವೈದ್ಯಕೀಯ ಪರೀಕ್ಷೆ ಆಗಬೇಕು, ಮೆರಿಟ್ ಲಿಸ್ಟ್ ಬರಬೇಕು. ಕಂಪನಿಗಳಲ್ಲೂ ಹೀಗೇ ಎರಡು ದಿನಾಂಕ ಇರ್ತವೆ: ಅಂಕ ತೀರ್ಮಾನ ಆಗುವ ದಿನ, ನಿಮಗೆ ತಿಳಿಸುವ ದಿನ. ನಾವು ಕೇಳಬೇಕಾದ್ದು ಎರಡನೆಯದು. ಅದು ಗೊತ್ತಿರೋದು ನಿಮಗೆ ವೇಳಾಪಟ್ಟಿ ಕಳಿಸಿದ ಎಚ್‌ಆರ್ ಕೋಆರ್ಡಿನೇಟರ್‌ಗೆ.

ಶುಕ್ರವಾರ ಬೆಳಿಗ್ಗೆ ತಮ್ಮ ಮತ್ತೆ ಫೋನ್ ಮಾಡಿದಾಗ ನಿಜವಾದ ಗಡಿಬಿಡಿ ಹೊರಬಿತ್ತು. ಅವನ ಕೈಯಲ್ಲಿ ಹೈದರಾಬಾದಿನ ಒಂದು ಸಣ್ಣ ಕಂಪನಿಯ ಆಫರ್ ಇತ್ತು. ಸಂಬಳ ಕಡಿಮೆ. ಮುಂದಿನ ಶುಕ್ರವಾರದೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಬೆಂಗಳೂರಿನವರು "ಹತ್ತು ದಿನ" ಅಂದಿದ್ದರು.

"ಹತ್ತು ದಿನ ಅಂದ್ರ ಭಾನುವಾರ ಆತದಲ್ಲಣ್ಣಾ. ಎರಡೇ ದಿನ ಹೆಚ್ಚು."

"ಕೆಲಸದ ದಿನ ಲೆಕ್ಕ ಹಾಕು. ಇವತ್ತಿಂದ ಎಣಿಸಿದ್ರ ಅದರ ಮುಂದಿನ ಗುರುವಾರಕ್ಕ ಹೋಗ್ತದ. ಆರು ದಿನ ಹೆಚ್ಚು."

ಆ ಆರು ದಿನವೇ ಅವನ ತೊಂದರೆ. ಅದನ್ನ ಮುಚ್ಚಿಟ್ಟು ಬರೀ "ಯಾವಾಗ" ಅಂತ ಕೇಳಿದರೆ "ಶೀಘ್ರದಲ್ಲೇ ತಿಳಿಸುತ್ತೇವೆ" ಅಂತ ಬರುತ್ತೆ, ಅದರಿಂದ ಏನೂ ತಿಳಿಯಲ್ಲ. ಹಾಗಾಗಿ ಇಬ್ಬರೂ ಸೇರಿ ಒಂದೇ ಮೇಲ್ ಬರೆದೆವು, ಕೋಆರ್ಡಿನೇಟರ್ ಒಬ್ಬರಿಗೇ. ವಿಷಯದ ಸಾಲಿನಲ್ಲಿ ಹುದ್ದೆ, ಅಸೆಸ್‌ಮೆಂಟ್ ನಡೆದ ದಿನ, ಅಭ್ಯರ್ಥಿ ಸಂಖ್ಯೆ. ಮೇಲ್ ಇಂಗ್ಲಿಷಿನಲ್ಲಿ ಹೋಯಿತು. ಕನ್ನಡದಲ್ಲಿ ಒಕ್ಕಣೆ ಹೀಗಿತ್ತು:

"ನಮಸ್ಕಾರ ಮೇಡಂ. ನಿನ್ನೆಯ ಅಸೆಸ್‌ಮೆಂಟ್‌ಗೆ ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ರೋಲ್ ಪ್ಲೇ ಶುರುವಾಗುವ ಮುಂಚೆ ಅಸೆಸರ್ ನಿಯಮಗಳನ್ನು ಎರಡು ಸಲ ವಿವರಿಸಿದರು. ಮೊದಲ ಬಾರಿ ಬಂದ ನನಗೆ ಅದರಿಂದ ಅನುಕೂಲವಾಯಿತು. ಅವರಿಗೂ ಉಳಿದ ಅಸೆಸರ್‌ಗಳಿಗೂ ನನ್ನ ಧನ್ಯವಾದ ತಿಳಿಸಿ. ಫಲಿತಾಂಶಕ್ಕೆ ಹತ್ತು ದಿನ ಎಂದು ಹೇಳಿದ್ದಿರಿ. ಅದು ಕೆಲಸದ ದಿನಗಳೇ ಎಂದು ತಿಳಿಸುತ್ತೀರಾ? ನನಗೆ ಇನ್ನೊಂದು ಆಫರ್ ಇದೆ, ಅದಕ್ಕೆ ಬರುವ ಶುಕ್ರವಾರದೊಳಗೆ ಉತ್ತರ ಕೊಡಬೇಕು. ಅಷ್ಟರಲ್ಲಿ ನಿಮ್ಮ ತೀರ್ಮಾನ ಆಗುವುದು ಸಾಧ್ಯವಿಲ್ಲವಾದರೆ ಅದನ್ನಾದರೂ ತಿಳಿಸಿದರೆ ಉಪಕಾರ."

ತಮ್ಮ ಇನ್ನೂ ಎರಡು ಸಾಲು ಸೇರಿಸಬೇಕು ಅಂತ ಹಠ ಹಿಡಿದ. ಒಂದು, ಮೇಲ್‌ಗಳ ಅಭ್ಯಾಸದಲ್ಲಿ ಟೈಮ್ ಸಾಲದೆ ಮೂರು ಉಳಿದವು, ಅವಕ್ಕೆ ಉತ್ತರ ಹೀಗಿತ್ತು ಅಂತ. ಇನ್ನೊಂದು, ತನಗೆ ಎಷ್ಟು ಅಂಕ ಬಂತು ಅಂತ. ಎರಡನ್ನೂ ತೆಗೆಸಿದೆ. ಅವತ್ತು ಕೋಣೆಯಲ್ಲಿ ಬರೆದುಕೊಂಡಿದ್ದಕ್ಕೆ ಮಾತ್ರ ಅಂಕ. ಆಮೇಲೆ ಒಬ್ಬನ ವಿವರಣೆ ತಗೊಂಡರೆ ಉಳಿದ ಐದು ಜನರಿಗೆ ಅನ್ಯಾಯ. ಅಂಕ ಕೇಳೋದಕ್ಕೂ ಆಗ ಕಾಲ ಬಂದಿರಲಿಲ್ಲ, ಯಾಕಂದರೆ ವಾಶ್-ಅಪ್ ಆಗುವ ತನಕ ಅದು ಬದಲಾಗ್ತಾ ಇರುತ್ತೆ.

ಸೋಮವಾರ ಮಧ್ಯಾಹ್ನ ಉತ್ತರ ಬಂತು. ಮಂಗಳವಾರ ಇನ್ನೊಂದು ಬ್ಯಾಚ್ ಇದೆ, ಎರಡೂ ಬ್ಯಾಚ್ ಸೇರಿಸಿ ತೀರ್ಮಾನ, ಹತ್ತು ಅಂದರೆ ಕೆಲಸದ ದಿನಗಳೇ, ಶುಕ್ರವಾರದೊಳಗೆ ಆಗಲ್ಲ, ಅದರ ಮುಂದಿನ ಗುರುವಾರ ತಿಳಿಸುತ್ತೇವೆ.

ತಮ್ಮನಿಗೆ ಬೇಜಾರಾಯಿತು. "ಕೇಳಿ ಏನ್ ಉಪಯೋಗ ಆತಣ್ಣಾ?" ಅಂದ. ನಿಜ, ಮೇಲ್ ಬರೆದಿದ್ದಕ್ಕೆ ರಿಸಲ್ಟ್ ಒಂದು ದಿನವೂ ಬೇಗ ಬರಲಿಲ್ಲ. ಆದರೆ ಈಗ ಅವನ ಕೈಯಲ್ಲಿ ಒಂದು ದಿನಾಂಕ ಇತ್ತು. ಅದನ್ನ ಹಿಡಿದು ಹೈದರಾಬಾದಿನವರಿಗೆ ಬರೆದ: ಇನ್ನೊಂದು ಕಡೆಯ ತೀರ್ಮಾನ ಇಂಥ ಗುರುವಾರ ಬರುತ್ತೆ, ಮರುದಿನ ಶುಕ್ರವಾರದ ತನಕ ಒಂದು ವಾರ ಸಮಯ ಕೊಡ್ತೀರಾ? ಅವರು ಮಂಗಳವಾರದ ತನಕ ಕೊಟ್ಟರು. ಇನ್ನೂ ಎರಡು ದಿನ ಕಡಿಮೆಯೇ ಬಿತ್ತು.

ಅವತ್ತು ರಾತ್ರಿ ಚಿಕ್ಕಪ್ಪ ಫೋನ್ ತಗೊಂಡರು. "ನೀ ಏನಂತೀಯಪ್ಪಾ?" ನಾನು ಹೇಳಿದ್ದು, ಅಸೆಸ್‌ಮೆಂಟ್ ಚೆನ್ನಾಗಿ ಆಯ್ತು ಅನ್ನೋದು ಅವನ ಅನಿಸಿಕೆ, ಆಫರ್ ಅನ್ನೋದು ಕಾಗದ. ಎರಡನ್ನೂ ಒಪ್ಪಿಕೊಂಡು ಆಮೇಲೆ ಒಂದನ್ನ ಬಿಡ್ತೀನಿ ಅಂದರೆ ಅದು ತಪ್ಪು. ಉಳಿದದ್ದು ಅವನಿಗೇ ಬಿಟ್ಟಿದ್ದು.

ಮಂಗಳವಾರ ಬೆಳಿಗ್ಗೆ ತಮ್ಮ ಹೈದರಾಬಾದಿಗೆ ಒಪ್ಪಿಗೆ ಕಳಿಸಿದ. ಅದೇ ಗಂಟೆಯಲ್ಲಿ ಬೆಂಗಳೂರಿನ ಮೇಡಂಗೆ ನಾಲ್ಕು ಸಾಲು ಬರೆದ: ಇನ್ನೊಂದು ಆಫರ್ ಒಪ್ಪಿಕೊಂಡಿದ್ದೇನೆ, ನನ್ನ ಹೆಸರು ಪಟ್ಟಿಯಿಂದ ತೆಗೆಯಿರಿ, ಸೋಮವಾರ ಸ್ಪಷ್ಟವಾಗಿ ತಿಳಿಸಿದ್ದಕ್ಕೆ ಧನ್ಯವಾದ, ಸಾಧ್ಯವಿದ್ದರೆ ಎಲ್ಲ ಮುಗಿದ ಮೇಲೆ ಫೀಡ್‌ಬ್ಯಾಕ್ ಕೊಡಿ.

ಅಂಕ ಕೇಳಬೇಡ ಅಂದವನು ಫೀಡ್‌ಬ್ಯಾಕ್ ಯಾಕೆ ಕೇಳಿಸಿದೆ ಅಂತ ನೀವು ಕೇಳಬಹುದು. ತೀರ್ಮಾನ ಆದಮೇಲೆ ಅದನ್ನ ಧಾರಾಳವಾಗಿ ಕೇಳಬಹುದು. ನಮ್ಮ ಟಿಪ್ಪಣಿ ಇರೋದೇ ಮಾತು ಮಾತಿನ ರೂಪದಲ್ಲಿ, ಹಾಗಾಗಿ ಹೇಳೋದಕ್ಕೂ ಏನಾದರೂ ಇರುತ್ತೆ. ಎಲ್ಲ ಕಂಪನಿಗಳೂ ಕೊಡಲ್ಲ. ಇವರು ಕೊಟ್ಟರು. ಆ ಗುರುವಾರ ಆದಮೇಲೆ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಿದರಂತೆ. ತಮ್ಮ ಅದರಲ್ಲಿ ಒಂದನ್ನ ನನಗೆ ಹೇಳಿದ. ರೋಲ್ ಪ್ಲೇನಲ್ಲಿ ಅವನು ಗ್ರಾಹಕನಿಗೆ ಮೂರು ಸಲ ಸಾರಿ ಕೇಳಿದ್ದನಂತೆ. ತೊಂದರೆ ಯಾವಾಗ ಶುರುವಾಯಿತು ಅಂತ ಒಂದು ಸಲವೂ ಕೇಳಿರಲಿಲ್ಲವಂತೆ.

"ಆಯ್ಕೆ ಆಗಿದ್ದೆನೋ ಇಲ್ಲೋ ಕೇಳಿದ್ಯಾ?" ಅಂದೆ.

"ಇಲ್ಲಣ್ಣಾ. ಹೆಸರು ತಗೀರಿ ಅಂತ ನಾನೇ ಬರದೀನಲ್ಲ. ಮತ್ತ್ಯಾಕ ಕೇಳ್ಲಿ?"

ಈಗ ಹೈದರಾಬಾದಿನಲ್ಲಿ ಸಪೋರ್ಟ್ ಟೀಮಿಗೇ ಹಾಕಿದ್ದಾರೆ. ದಿನಾ ಸಿಟ್ಟಿಗೆದ್ದ ಗ್ರಾಹಕರೇ. ಮೊದಲ ಪ್ರಶ್ನೆ ಏನು ಕೇಳ್ತೀಯ ಅಂದರೆ "ಯಾವಾಗಿಂದ ಸರ್?" ಅಂತಾನೆ.